ವಿದ್ಯುತ್ ಕಾರಿನ ಚಾರ್ಜಿಂಗ್ ಪ್ಲಗ್‌ಗಳು

ವಿದ್ಯುತ್ ಕಾರಿನ ಬ್ಯಾಟರಿಗೆ ಹೊರಗಿನಿಂದ ವಿದ್ಯುತ್ ಹರಿಸಲು ಕೇಬಲ್ಲಿನ ತುದಿಯಲ್ಲಿರುವ ಜೋಡಣೆಗೆ ಚಾರ್ಜಿಂಗ್ ಪ್ಲಗ್ ಅಥವಾ ಕನೆಕ್ಟರ್ ಎನ್ನುತ್ತಾರೆ. ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಪ್ಲಗ್ಗಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮಾಮೂಲಿ ಸಾಕೆಟ್ಟಿನಲ್ಲಿ ಸ್ವಿಚ್ ಹಾಕಿದರೆ ಪಿನ್ನುಗಳಲ್ಲಿ ವಿದ್ಯುತ್ ಬಂದು ನಿಂತಿರುತ್ತದೆ, ಯಾವ ಉಪಕರಣ ಸಿಕ್ಕಿಸಿದರೂ ಅದು ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ. ಕಾರಿನ ಪ್ಲಗ್ಗಿನ ದಪ್ಪ ಪಿನ್ನುಗಳಲ್ಲಿ ಮೊದಲು ಏನೂ ಇರುವುದಿಲ್ಲ. ಪಕ್ಕದಲ್ಲಿರುವ ಎರಡು ಸಣ್ಣ ಪಿನ್ನುಗಳ ಮೂಲಕ ಚಾರ್ಜಿಂಗ್ ಪೆಟ್ಟಿಗೆಯೂ ಕಾರೂ ಪರಸ್ಪರ ಗುರುತು ಹಿಡಿದು, ಎಷ್ಟು ಆಂಪಿಯರ್ ಎಳೆಯಬಹುದು ಎಂದು ನಿಶ್ಚಯಿಸಿದ ಮೇಲೆಯೇ ವಿದ್ಯುತ್ ಹರಿಯುತ್ತದೆ. ಪ್ಲಗ್ಗುಗಳ ಆಕಾರ ದೇಶದಿಂದ ದೇಶಕ್ಕೆ ಬದಲಾದರೂ ಎಸಿ ಚಾರ್ಜಿಂಗಿನಲ್ಲಿ ಈ ಮಾತುಕತೆಯ ರೀತಿ ಬಹುಮಟ್ಟಿಗೆ ಒಂದೇ.

ಚಾರ್ಜರ್ ಇರುವ ಜಾಗ

ಬ್ಯಾಟರಿಗೆ ಬೇಕಾದದ್ದು ಡಿಸಿ ವಿದ್ಯುತ್, ಮನೆಗೆ ಬರುವುದು ಎಸಿ. ಎಸಿಯನ್ನು ಡಿಸಿಯಾಗಿ ಪರಿವರ್ತಿಸಿ ಬ್ಯಾಟರಿಗೆ ಹದವಾಗಿ ಕೊಡುವ ಉಪಕರಣವೇ ನಿಜವಾದ ಅರ್ಥದಲ್ಲಿ ಚಾರ್ಜರ್. ಎಸಿ ಚಾರ್ಜಿಂಗಿನಲ್ಲಿ ಅದು ಕಾರಿನೊಳಗೇ ಇರುತ್ತದೆ. ಗೋಡೆಗೆ ಬಿಗಿದಿರುವ, ಜನ ಚಾರ್ಜರ್ ಎಂದೇ ಕರೆಯುವ ವಾಲ್‌ಬಾಕ್ಸ್ ವಾಸ್ತವದಲ್ಲಿ ಸುರಕ್ಷತೆಯ ಪರೀಕ್ಷೆಗಳನ್ನು ನಡೆಸುವ ಒಂದು ದೊಡ್ಡ ಸ್ವಿಚ್ಚು ಮಾತ್ರ. ಅದರೊಳಗಿನ ಕಾಂಟ್ಯಾಕ್ಟರ್ ಮುಚ್ಚಿದಾಗ ಮನೆಯ ಎಸಿ ವಿದ್ಯುತ್ ನೇರವಾಗಿ ಕಾರಿನ ಚಾರ್ಜರಿಗೆ ಹೋಗುತ್ತದೆ. ಹೆದ್ದಾರಿಯ ಪಕ್ಕದ ಡಿಸಿ ಫಾಸ್ಟ್ ಚಾರ್ಜಿಂಗಿನಲ್ಲಿ ಪರಿವರ್ತನೆಯ ಕೆಲಸ ಹೊರಗಿನ ಯಂತ್ರದಲ್ಲೇ ಮುಗಿದು, ಡಿಸಿ ವಿದ್ಯುತ್ ಕಾರಿನ ಚಾರ್ಜರನ್ನು ಬಳಸಿಕೊಳ್ಳದೆ ಬ್ಯಾಟರಿಗೆ ಸೇರುತ್ತದೆ.

ಪ್ಲಗ್ಗಿನ ಮೂಲಕ ನಡೆಯುವ ಮಾತುಕತೆಯ ಸ್ವರೂಪವನ್ನು ಈ ವ್ಯತ್ಯಾಸವೇ ನಿರ್ಧರಿಸುತ್ತದೆ. ಎಸಿಯಲ್ಲಿ ವಾಲ್‌ಬಾಕ್ಸ್ ಕರೆಂಟನ್ನು ಕಾರಿನೊಳಕ್ಕೆ ತಳ್ಳುವುದಿಲ್ಲ. ಇದಕ್ಕಿಂತ ಹೆಚ್ಚು ಎಳೆಯಬಾರದು ಎಂಬ ಮಿತಿಯನ್ನಷ್ಟೇ ಅದು ತಿಳಿಸುತ್ತದೆ. ಆ ಮಿತಿಯೊಳಗೆ ಎಷ್ಟು ಎಳೆಯಬೇಕೆಂಬುದು ಕಾರಿಗೆ ಬಿಟ್ಟದ್ದು. ಡಿಸಿಯಲ್ಲಿ ವ್ಯವಹಾರ ತಿರುಗುಮುರುಗು. ಕಾರು ಇಷ್ಟು ವೋಲ್ಟು, ಇಷ್ಟು ಆಂಪಿಯರ್ ಬೇಕೆಂದು ಕೇಳುತ್ತದೆ, ಹೊರಗಿನ ಯಂತ್ರ ಅದನ್ನು ಪೂರೈಸುತ್ತದೆ.

ಬಳಕೆಯಲ್ಲಿರುವ ಬಗೆಗಳು

ಟೈಪ್ 1 ಪ್ಲಗ್ ಅಮೆರಿಕ ಮತ್ತು ಜಪಾನ್‌ಗಳಲ್ಲಿ ಬೆಳೆದದ್ದು. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯ ಜೆ1772 ಮಾನಕ ಇದರ ಆಧಾರ. ಇದು ದುಂಡಗಿನ, ಐದು ಪಿನ್ನುಗಳ ಪ್ಲಗ್. ಎರಡು ವಿದ್ಯುತ್ತಿಗೆ, ಒಂದು ಅರ್ಥಿಂಗಿಗೆ, ಎರಡು ಸಂಕೇತಕ್ಕೆ. ಹೀಗಾಗಿ ಇದರಲ್ಲಿ ಸಿಂಗಲ್ ಫೇಸ್ ಮಾತ್ರ ಸಾಧ್ಯ.

ಟೈಪ್ 2 ಜರ್ಮನಿಯ ಮೆನ್ನೆಕೆಸ್ ಕಂಪನಿ ರೂಪಿಸಿದ ವಿನ್ಯಾಸ. ಏಳು ಪಿನ್ನುಗಳಿರುವುದರಿಂದ ಮೂರು ಫೇಸುಗಳೂ ಹೋಗುತ್ತವೆ. ಯುರೋಪಿಯನ್ ಒಕ್ಕೂಟ 2014ರ ನಿರ್ದೇಶನದ ಮೂಲಕ ಇದನ್ನು ಸಾರ್ವಜನಿಕ ಚಾರ್ಜಿಂಗಿಗೆ ಸಾಮಾನ್ಯ ಪ್ಲಗ್ ಆಗಿ ಗೊತ್ತುಮಾಡಿತು. ಇಂದು ಭಾರತದ ರಸ್ತೆಗಳಲ್ಲಿರುವ ಬಹುತೇಕ ವಿದ್ಯುತ್ ಕಾರುಗಳ ಎಸಿ ಸಾಕೆಟ್ಟೂ ಇದೇ. ಇದರ ಕೆಳಭಾಗಕ್ಕೆ ಎರಡು ದಪ್ಪ ಡಿಸಿ ಪಿನ್ನುಗಳನ್ನು ಸೇರಿಸಿದರೆ ಸಿಸಿಎಸ್ 2 ಆಗುತ್ತದೆ. ಕಾರಿನಲ್ಲಿ ಒಂದೇ ಸಾಕೆಟ್ ಇರುತ್ತದೆ. ಮನೆಯಲ್ಲಿ ಅದರ ಮೇಲ್ಭಾಗಕ್ಕೆ ಟೈಪ್ 2 ಪ್ಲಗ್ ಹಾಕುತ್ತೇವೆ, ಫಾಸ್ಟ್ ಚಾರ್ಜಿಂಗಿಗೆ ಪೂರ್ತಿ ಸಿಸಿಎಸ್ ಪ್ಲಗ್ ಕೂರುತ್ತದೆ. ಟೈಪ್ 1ಕ್ಕೆ ಇದೇ ರೀತಿ ಡಿಸಿ ಪಿನ್ನು ಸೇರಿಸಿದ್ದು ಸಿಸಿಎಸ್ 1.

ಜಪಾನಿನ ಚಾಡೆಮೊ ಡಿಸಿಗೆ ಮಾತ್ರ ಮೀಸಲಾದ ಪ್ಲಗ್. ಅದನ್ನು ಬಳಸುವ ಕಾರಿನಲ್ಲಿ ಎಸಿಗೆ ಬೇರೆ ಸಾಕೆಟ್ ಇರಬೇಕು. ಚೀನಾದ ಜಿಬಿ/ಟಿ ಮಾನಕದಲ್ಲಿ ಎಸಿಗೊಂದು, ಡಿಸಿಗೊಂದು ಪ್ರತ್ಯೇಕ ಪ್ಲಗ್ ಇವೆ. ಟೆಸ್ಲಾ ಕಂಪನಿ ತನ್ನ ಪ್ಲಗ್ಗಿನ ವಿನ್ಯಾಸವನ್ನು 2022ರ ನವೆಂಬರಿನಲ್ಲಿ ಎನ್‌ಎಸಿಎಸ್ ಎಂಬ ಹೆಸರಿನಿಂದ ಇತರರಿಗೂ ತೆರೆದಿಟ್ಟಿತು. ಅದರಲ್ಲಿ ಐದೇ ಪಿನ್ನುಗಳಿದ್ದು, ಎಸಿ ಮತ್ತು ಡಿಸಿ ಎರಡೂ ಅದೇ ಎರಡು ದಪ್ಪ ಪಿನ್ನುಗಳಲ್ಲಿ ಹರಿಯುತ್ತವೆ. ಉತ್ತರ ಅಮೆರಿಕದ ಕಾರು ತಯಾರಕರು ಈಗ ಅದರತ್ತ ಹೊರಳಿದ್ದಾರೆ.

ಭಾರತದ ಆರಂಭದ ಹಂತದಲ್ಲಿ ಭಾರತ್ ಎಸಿ-001 ಮತ್ತು ಭಾರತ್ ಡಿಸಿ-001 ಎಂಬ ಎರಡು ದೇಶೀ ವಿಧಾನಗಳು ಬಂದವು. ಮೊದಲನೆಯದು ಕಾರ್ಖಾನೆಗಳಲ್ಲಿ ಕಾಣುವ ಬಗೆಯ ಔದ್ಯೋಗಿಕ ಸಾಕೆಟ್ಟುಗಳ ಮೂಲಕ ಒಂದೊಂದು ವಾಹನಕ್ಕೆ 3.3 ಕಿಲೋವ್ಯಾಟ್ ಕೊಡುತ್ತಿತ್ತು. ಎರಡನೆಯದು ಕಡಿಮೆ ವೋಲ್ಟೇಜಿನ ಬ್ಯಾಟರಿಯ ಕಾರುಗಳಿಗೆ ಜಿಬಿ/ಟಿ ಪ್ಲಗ್ ಮೂಲಕ 15 ಕಿಲೋವ್ಯಾಟ್‌ವರೆಗೆ ಒದಗಿಸುತ್ತಿತ್ತು. ಬ್ಯಾಟರಿಗಳ ವೋಲ್ಟೇಜ್ ಏರಿದಂತೆ ಕಾರುಗಳು ಟೈಪ್ 2 ಮತ್ತು ಸಿಸಿಎಸ್ 2ರ ಕಡೆಗೆ ಸರಿದವು. ದ್ವಿಚಕ್ರ ವಾಹನಗಳಿಗೆ ಇಷ್ಟು ದೊಡ್ಡ ಪ್ಲಗ್ ಹೊಂದುವುದಿಲ್ಲ. ಬೆಂಗಳೂರಿನ ಏಥರ್ ಎನರ್ಜಿ ರೂಪಿಸಿದ, ಎಸಿ ಡಿಸಿ ಎರಡಕ್ಕೂ ಆಗುವ ಸಣ್ಣ ಪ್ಲಗ್ಗಿಗೆ ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಹಗುರ ವಾಹನಗಳ ಮಾನಕವಾಗಿ ಮನ್ನಣೆ ಕೊಟ್ಟಿತು.

ಕಂಟ್ರೋಲ್ ಪೈಲಟ್

ಟೈಪ್ 1, ಟೈಪ್ 2, ಚೀನಾದ ಎಸಿ ಪ್ಲಗ್, ಎನ್‌ಎಸಿಎಸ್ ಇವೆಲ್ಲವುಗಳಲ್ಲೂ ಕಂಟ್ರೋಲ್ ಪೈಲಟ್ ಎಂಬ ಒಂದು ಸಣ್ಣ ಪಿನ್ ಇದೆ. ಎಸಿ ಚಾರ್ಜಿಂಗಿನ ಸುರಕ್ಷತೆ ನಿಂತಿರುವುದು ಈ ಒಂದು ತಂತಿಯ ಮೇಲೆ. ಇದರಲ್ಲಿ ಕಂಪ್ಯೂಟರುಗಳ ನಡುವಿನ ಸಂದೇಶಗಳಂಥದ್ದು ಏನೂ ಇಲ್ಲ. ವೋಲ್ಟೇಜಿನ ಏರಿಳಿತವೇ ಇದರ ಭಾಷೆ.

ವಾಲ್‌ಬಾಕ್ಸ್ ಸುಮ್ಮನಿರುವಾಗ ಪೈಲಟ್ ಪಿನ್ನಿನಲ್ಲಿ, ಅರ್ಥಿಂಗ್ ಪಿನ್ನಿಗೆ ಹೋಲಿಸಿದರೆ, 12 ವೋಲ್ಟ್ ಇರುತ್ತದೆ. ಇದು 1000 ಓಮ್‌ನ ಒಂದು ರೋಧಕದ ಮೂಲಕ ಬರುವುದರಿಂದ ಯಾರಾದರೂ ಮುಟ್ಟಿದರೂ ಅಪಾಯವಿಲ್ಲ. ಕಾರಿನ ಒಳಗೆ ಇದೇ ತಂತಿಗೆ ಒಂದು ಡಯೋಡ್ ಮತ್ತು 2740 ಓಮ್‌ನ ರೋಧಕವನ್ನು ಜೋಡಿಸಿರುತ್ತಾರೆ. ಪ್ಲಗ್ ಹಾಕಿದ ಕೂಡಲೇ ಆ ಎರಡು ರೋಧಕಗಳ ನಡುವೆ ವೋಲ್ಟೇಜ್ ಹಂಚಿಹೋಗಿ ಪೈಲಟ್ 9 ವೋಲ್ಟಿಗೆ ಇಳಿಯುತ್ತದೆ. ಕಾರು ಬಂದಿದೆ ಎಂದು ವಾಲ್‌ಬಾಕ್ಸಿಗೆ ತಿಳಿಯುವುದು ಹೀಗೆ.

ಈಗ ವಾಲ್‌ಬಾಕ್ಸ್ ತನ್ನ ಮಿತಿಯನ್ನು ಹೇಳಬೇಕು. ಪೈಲಟ್ ವೋಲ್ಟೇಜನ್ನು ಅದು ಸೆಕೆಂಡಿಗೆ 1000 ಸಲ ಮೇಲೆ ಕೆಳಗೆ ಆಡಿಸತೊಡಗುತ್ತದೆ. ಮೇಲಿನ ಮಟ್ಟ 9 ವೋಲ್ಟ್, ಕೆಳಗಿನ ಮಟ್ಟ ಮೈನಸ್ 12 ವೋಲ್ಟ್. ಪ್ರತಿ ಸುತ್ತಿನಲ್ಲಿ ವೋಲ್ಟೇಜ್ ಎಷ್ಟು ಹೊತ್ತು ಮೇಲಿರುತ್ತದೆ ಎಂಬ ಶೇಕಡಾ ಪ್ರಮಾಣವೇ ಸಂದೇಶ. ಶೇ. 10ರಿಂದ 85ರವರೆಗೆ ಲೆಕ್ಕ ಸರಳ:

```
ಆಂಪಿಯರ್ = ಶೇಕಡಾ × 0.6
```

ಶೇ. 10 ಎಂದರೆ 6 ಆಂಪಿಯರ್. ಶೇ. 26.7 ಎಂದರೆ 16, ಶೇ. 53.3 ಎಂದರೆ 32 ಆಂಪಿಯರ್. ಈ ವಿಧಾನದಲ್ಲಿ 6ಕ್ಕಿಂತ ಕಡಿಮೆ ಆಂಪಿಯರನ್ನು ಹೇಳಲು ಬರುವುದಿಲ್ಲ. ಅಷ್ಟೂ ಕೊಡಲಾಗದಿದ್ದರೆ ವಾಲ್‌ಬಾಕ್ಸ್ ಆಟ ನಿಲ್ಲಿಸಿ ಕಾರನ್ನು ಕಾಯಿಸುತ್ತದೆ.

ಕಾರು ಈ ಪ್ರಮಾಣವನ್ನು ಅಳೆದು, ಚಾರ್ಜ್ ಮಾಡಿಕೊಳ್ಳಲು ಸಿದ್ಧವಾದಾಗ ತನ್ನೊಳಗಿನ ಇನ್ನೊಂದು 1300 ಓಮ್ ರೋಧಕವನ್ನು ತಂತಿಗೆ ಸೇರಿಸುತ್ತದೆ. ಪೈಲಟ್‌ನ ಮೇಲಿನ ಮಟ್ಟ 9ರಿಂದ 6 ವೋಲ್ಟಿಗೆ ಇಳಿಯುತ್ತದೆ. ಕಾರು ವಿದ್ಯುತ್ ಕೊಡು ಎಂದು ಕೇಳುವುದು ಇದರಿಂದಲೇ. ಆಗ ಮಾತ್ರ ವಾಲ್‌ಬಾಕ್ಸಿನ ಕಾಂಟ್ಯಾಕ್ಟರ್ ಟಕ್ ಎಂದು ಮುಚ್ಚಿ ದಪ್ಪ ಪಿನ್ನುಗಳಿಗೆ 230 ವೋಲ್ಟ್ ಬರುತ್ತದೆ. ಚಾರ್ಜಿಂಗ್ ಮುಗಿದಾಗ ಕಾರು ಮೊದಲು ಎಳೆಯುವುದನ್ನು ನಿಲ್ಲಿಸಿ, ಆಮೇಲೆ ಆ ರೋಧಕವನ್ನು ಬಿಡಿಸುತ್ತದೆ. ಪೈಲಟ್ ಮತ್ತೆ 9 ವೋಲ್ಟಿಗೆ ಏರಿದರೆ ಕಾಂಟ್ಯಾಕ್ಟರ್ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ತೆರೆದುಕೊಳ್ಳಬೇಕು.

ಕಾರಿನೊಳಗಿನ ಡಯೋಡಿನ ಕೆಲಸವನ್ನು ಇಲ್ಲಿ ಗಮನಿಸಬೇಕು. ಡಯೋಡ್ ಒಂದೇ ದಿಕ್ಕಿನಲ್ಲಿ ಕರೆಂಟನ್ನು ಬಿಡುವುದರಿಂದ ಮೇಲಿನ ಮಟ್ಟ ಮಾತ್ರ 9ಕ್ಕೋ 6ಕ್ಕೋ ಇಳಿಯುತ್ತದೆ, ಕೆಳಗಿನ ಮಟ್ಟ ಮೈನಸ್ 12ರಲ್ಲೇ ಉಳಿಯುತ್ತದೆ. ಪ್ಲಗ್ಗಿನೊಳಗೆ ಮಳೆನೀರು ಸೇರಿ ಪೈಲಟ್ ಮತ್ತು ಅರ್ಥಿಂಗ್ ಪಿನ್ನುಗಳ ನಡುವೆ ಸೋರಿಕೆಯಾದರೆ ಮೇಲಿನ, ಕೆಳಗಿನ ಮಟ್ಟಗಳೆರಡೂ ಕುಗ್ಗುತ್ತವೆ. ಈ ಒಂದು ಗುರುತಿನಿಂದಲೇ ತುದಿಯಲ್ಲಿರುವುದು ಕಾರೋ ಒದ್ದೆಯ ಸೋರಿಕೆಯೋ ಎಂದು ವಾಲ್‌ಬಾಕ್ಸ್ ತಿಳಿದುಕೊಂಡು, ಅನುಮಾನ ಬಂದರೆ ವಿದ್ಯುತ್ತನ್ನು ಬಿಡುವುದಿಲ್ಲ.

ಪಿನ್ನುಗಳ ಉದ್ದದಲ್ಲೂ ಇಂಥದ್ದೇ ಎಚ್ಚರವಿದೆ. ಟೈಪ್ 2 ಪ್ಲಗ್ ಹಾಕುವಾಗ ಅರ್ಥಿಂಗ್ ಮೊದಲು ಕೂಡುತ್ತದೆ, ಪೈಲಟ್ ಕೊನೆಗೆ. ತೆಗೆಯುವಾಗ ಪೈಲಟ್ ಮೊದಲು ಬಿಡುತ್ತದೆ. ಲಾಕ್ ಕೆಟ್ಟು ಯಾರಾದರೂ ಚಾರ್ಜ್ ಆಗುತ್ತಿರುವಾಗಲೇ ಪ್ಲಗ್ ಎಳೆದರೂ, ದಪ್ಪ ಪಿನ್ನುಗಳು ಕಳಚುವ ಮುಂಚೆ ಪೈಲಟ್ ಕಡಿದು ಕಾಂಟ್ಯಾಕ್ಟರ್ ತೆರೆಯಲು ಅವಕಾಶ ಸಿಗುತ್ತದೆ. ಪೈಲಟ್‌ನ ಸರ್ಕ್ಯೂಟ್ ಅರ್ಥಿಂಗ್ ತಂತಿಯ ಮೂಲಕವೇ ಪೂರ್ತಿಯಾಗುವುದರಿಂದ, ಕೇಬಲ್ಲಿನಲ್ಲಿ ಅರ್ಥಿಂಗ್ ತುಂಡಾದರೆ ಚಾರ್ಜಿಂಗೂ ನಿಲ್ಲುತ್ತದೆ.

ಕೇಬಲ್ಲಿನ ಗುರುತು

ಎರಡನೆಯ ಸಣ್ಣ ಪಿನ್ನಿಗೆ ಪ್ರಾಕ್ಸಿಮಿಟಿ ಪಿನ್ ಎನ್ನುತ್ತಾರೆ. ಟೈಪ್ 2 ಕೇಬಲ್ಲುಗಳು ಹಲವು ದಪ್ಪಗಳಲ್ಲಿ ಸಿಗುತ್ತವೆ. ಸಾರ್ವಜನಿಕ ಕಂಬದಲ್ಲಿ ಬರೀ ಸಾಕೆಟ್ ಇದ್ದು ಕಾರಿನವರೇ ಕೇಬಲ್ ತರಬೇಕಾದ ಕಡೆ, ಕಂಬ 32 ಆಂಪಿಯರ್ ಕೊಡಬಲ್ಲದಾದರೂ ಕೇಬಲ್ 20ಕ್ಕೆ ಮಾಡಿದ್ದಾಗಿರಬಹುದು. ಇದನ್ನು ತಿಳಿಸಲು ಪ್ಲಗ್ಗಿನೊಳಗೆ ಪ್ರಾಕ್ಸಿಮಿಟಿ ಮತ್ತು ಅರ್ಥಿಂಗ್ ಪಿನ್ನುಗಳ ನಡುವೆ ಒಂದು ರೋಧಕ ಇಟ್ಟಿರುತ್ತಾರೆ. 1500 ಓಮ್ ಇದ್ದರೆ ಕೇಬಲ್ 13 ಆಂಪಿಯರಿನದು, 680 ಇದ್ದರೆ 20ರದು, 220 ಇದ್ದರೆ 32ರದು, 100 ಇದ್ದರೆ 63ರದು. ಕಂಬವೂ ಕಾರೂ ತಮ್ಮ ತಮ್ಮ ತುದಿಯಲ್ಲಿ ಇದನ್ನು ಓದುತ್ತವೆ.

ಈ ಸಂಖ್ಯೆಗಳ ಕ್ರಮವನ್ನು ಯೋಚಿಸಿಯೇ ಇಟ್ಟಿದ್ದಾರೆ. ಪಿನ್ನಿಗೆ ಧೂಳು, ಕಿಲುಬು ಹಿಡಿದರೆ ರೋಧ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ರೋಧ ಹೆಚ್ಚಾದರೆ ಕೇಬಲ್ ಇರುವುದಕ್ಕಿಂತ ಸಣ್ಣದೆಂದು ಕಾಣುತ್ತದೆ, ಕರೆಂಟ್ ಇಳಿಯುತ್ತದೆ. ಹೀಗೆ ಕೊಳೆಯಿಂದಾಗುವ ತಪ್ಪು ನಿಧಾನವಾಗಿ ಚಾರ್ಜ್ ಆಗುವ ಕಡೆಗೆ ವಾಲುತ್ತದೆ, ಕೇಬಲ್ ಸುಡುವ ಕಡೆಗಲ್ಲ. 32 ಆಂಪಿಯರಿನ ಕೇಬಲ್ ಇದ್ದೂ ಕಾರು ಯಾವಾಗಲೂ 20ರಲ್ಲೇ ನಿಂತರೆ ಮೊದಲು ನೋಡಬೇಕಾದದ್ದು ಈ ಪಿನ್ನನ್ನು.

ಟೈಪ್ 1ರಲ್ಲಿ ಇದೇ ಪಿನ್ನಿಗೆ ಬೇರೆ ಕೆಲಸ. ಅಲ್ಲಿ ಪ್ಲಗ್ಗಿನ ಗುಂಡಿ ಒತ್ತಿದಾಗ ರೋಧ 150 ಓಮ್‌ನಿಂದ 480ಕ್ಕೆ ಏರುತ್ತದೆ. ಪ್ಲಗ್ ಕೀಳಲು ಹೊರಟಿದ್ದಾರೆಂದು ಅರಿತ ಕಾರು ತಕ್ಷಣ ಕರೆಂಟ್ ಎಳೆಯುವುದನ್ನು ನಿಲ್ಲಿಸುತ್ತದೆ.

ಒಂದು ಮನೆಯ ಲೆಕ್ಕ

ಬೆಂಗಳೂರಿನ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೆಸ್ಕಾಂನಿಂದ ಮಂಜೂರಾದ ಲೋಡ್ 5 ಕಿಲೋವ್ಯಾಟ್, ಸಿಂಗಲ್ ಫೇಸ್. ಕಾರಿನ ಬ್ಯಾಟರಿ 40 ಕಿಲೋವ್ಯಾಟ್-ಗಂಟೆಯದು, ಒಳಗಿನ ಚಾರ್ಜರ್ 7.2 ಕಿಲೋವ್ಯಾಟ್. ತಂದ ವಾಲ್‌ಬಾಕ್ಸ್ 32 ಆಂಪಿಯರಿನದು, ಕೇಬಲ್ಲೂ ಅಷ್ಟೇ.

ವಾಲ್‌ಬಾಕ್ಸನ್ನು 32ರಲ್ಲೇ ಬಿಟ್ಟರೆ ಕಾರು ಹೆಚ್ಚುಕಡಿಮೆ 7 ಕಿಲೋವ್ಯಾಟ್ ಎಳೆಯುತ್ತದೆ. ಅದು ಮಂಜೂರಾದ ಲೋಡನ್ನು ಮೀರುತ್ತದೆ. ಆದ್ದರಿಂದ ಲೋಡ್ ಹೆಚ್ಚಿಸಿಕೊಳ್ಳುವವರೆಗೆ ಎಲೆಕ್ಟ್ರಿಷಿಯನ್ ವಾಲ್‌ಬಾಕ್ಸಿನ ಒಳಗಿನ ಸೆಟ್ಟಿಂಗನ್ನು 16 ಆಂಪಿಯರಿಗೆ ಇಳಿಸುತ್ತಾರೆ. ಪೈಲಟ್ ಈಗ ಶೇ. 26.7 ತೋರಿಸುತ್ತದೆ. ವಾಲ್‌ಬಾಕ್ಸಿನ ಮಿತಿ 16, ಕೇಬಲ್ಲಿನದು 32, ಕಾರಿನದು ಸುಮಾರು 31. ಮೂರರಲ್ಲಿ ಚಿಕ್ಕದು ಯಾವುದೋ ಅದೇ ನಿಲ್ಲುತ್ತದೆ. ಕಾರು 16 ಆಂಪಿಯರ್ ಎಳೆಯುತ್ತದೆ, ಅಂದರೆ 230 ವೋಲ್ಟಿಗೆ 3.68 ಕಿಲೋವ್ಯಾಟ್.

ಬ್ಯಾಟರಿಯನ್ನು ಶೇ. 20ರಿಂದ 80ಕ್ಕೆ ತರಲು 24 ಕಿಲೋವ್ಯಾಟ್-ಗಂಟೆ ಬೇಕು. ಪರಿವರ್ತನೆಯಲ್ಲಿ ಹತ್ತರಲ್ಲಿ ಒಂದು ಪಾಲು ನಷ್ಟವೆಂದು ಹಿಡಿದರೆ ಮೀಟರಿನಲ್ಲಿ ಸುಮಾರು 27 ಯೂನಿಟ್ ಓಡುತ್ತದೆ, ಏಳೂಕಾಲು ಗಂಟೆ ಹಿಡಿಯುತ್ತದೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗ್ಗೆ ಐದೂಕಾಲಿಗೆ ಕಾರು ಸಿದ್ಧ.

ಬೆಳಗ್ಗೆ ಐದು ಗಂಟೆಗೆ ಯಾರೋ 2 ಕಿಲೋವ್ಯಾಟಿನ ಗೀಸರ್ ಹಾಕುತ್ತಾರೆನ್ನೋಣ. ಮನೆಯ ಒಟ್ಟು ಬಳಕೆಯನ್ನು ಅಳೆಯುವ ಸೌಲಭ್ಯ ವಾಲ್‌ಬಾಕ್ಸಿಗೆ ಇದ್ದರೆ ಅದು ಪೈಲಟ್ ಪ್ರಮಾಣವನ್ನು ಶೇ. 16.7ಕ್ಕೆ ಇಳಿಸುತ್ತದೆ. ಐದು ಸೆಕೆಂಡಿನೊಳಗೆ ಕಾರು 10 ಆಂಪಿಯರಿಗೆ, ಅಂದರೆ 2.3 ಕಿಲೋವ್ಯಾಟಿಗೆ ತಗ್ಗಬೇಕು. ಗೀಸರ್ ಆರಿದ ಮೇಲೆ ಮತ್ತೆ 16ಕ್ಕೆ ಏರುತ್ತದೆ. ಇಷ್ಟಕ್ಕೂ ಇಂಟರ್ನೆಟ್ ಬೇಕಿಲ್ಲ, ಆ ಒಂದೇ ತಂತಿ ಸಾಕು.

ಪೈಲಟ್ ಹೇಳುವುದು ಒಂದೊಂದು ಫೇಸಿನ ಆಂಪಿಯರನ್ನು ಮಾತ್ರ. ಮೂರು ಫೇಸಿನ 22 ಕಿಲೋವ್ಯಾಟ್ ಕಂಬಕ್ಕೆ ಇದೇ ಕಾರನ್ನು ಸಿಕ್ಕಿಸಿದರೆ, ಕಾರಿನ ಚಾರ್ಜರ್ ಸಿಂಗಲ್ ಫೇಸಿನದಾದ್ದರಿಂದ, ಅದು ಒಂದು ಫೇಸಿನ ಸುಮಾರು 7 ಕಿಲೋವ್ಯಾಟನ್ನಷ್ಟೇ ಎಳೆಯುತ್ತದೆ. ಕಂಬ ಕೆಟ್ಟಿದೆ ಎಂದು ಅನೇಕರು ಭಾವಿಸುವುದು ಈ ಕಾರಣಕ್ಕೆ.

ಡಿಸಿ ಫಾಸ್ಟ್ ಚಾರ್ಜಿಂಗ್

ಡಿಸಿಯಲ್ಲಿ ಬರೀ ಮಿತಿ ಹೇಳಿದರೆ ಸಾಲದು. ಹೊರಗಿನ ಯಂತ್ರಕ್ಕೆ ಬ್ಯಾಟರಿಯ ವೋಲ್ಟೇಜ್ ಎಷ್ಟು, ಈ ಕ್ಷಣದಲ್ಲಿ ಅದು ಎಷ್ಟು ಕರೆಂಟ್ ತಾಳುತ್ತದೆ ಎಂಬುದು ಸತತವಾಗಿ ಗೊತ್ತಿರಬೇಕು. ಚಾಡೆಮೊ ಮತ್ತು ಚೀನಾದ ಡಿಸಿ ಪ್ಲಗ್ಗುಗಳಲ್ಲಿ ಇದಕ್ಕಾಗಿ ಕಾರಿನ ಒಳಜಾಲಗಳಲ್ಲಿ ಬಳಸುವ ಕ್ಯಾನ್ ವಿಧಾನದ ಪ್ರತ್ಯೇಕ ತಂತಿಗಳಿವೆ. ಸಿಸಿಎಸ್‌ನಲ್ಲಿ ಹೊಸ ತಂತಿ ಇಲ್ಲ. ಪೈಲಟ್ ಶೇ. 5ಕ್ಕೆ ಇಳಿಯುತ್ತದೆ. ಆಂಪಿಯರಿನ ಪಟ್ಟಿಯಲ್ಲಿ ಇಲ್ಲದ ಈ ಪ್ರಮಾಣ ಡಿಜಿಟಲ್ ಮಾತುಕತೆಗೆ ಬಾ ಎಂಬ ಕರೆ. ಆಮೇಲೆ ಅದೇ ಪೈಲಟ್ ತಂತಿಯ ಮೇಲೆ ಅಧಿಕ ಆವರ್ತನದ ಸಂಕೇತಗಳು ಹರಿದು, ಎರಡೂ ಕಡೆಯ ಕಂಪ್ಯೂಟರುಗಳು ಸಂದೇಶ ವಿನಿಮಯ ಮಾಡಿಕೊಳ್ಳುತ್ತವೆ.

ಮೊದಲು ಪ್ಲಗ್ ಲಾಕ್ ಆಗುತ್ತದೆ. ಯಂತ್ರ ಕೇಬಲ್ಲಿನ ಮೇಲೆ ವೋಲ್ಟೇಜ್ ಹಾಕಿ ಎಲ್ಲೂ ಸೋರಿಕೆ ಇಲ್ಲವೆಂದು ಪರೀಕ್ಷಿಸುತ್ತದೆ. ಬಳಿಕ ತನ್ನ ವೋಲ್ಟೇಜನ್ನು ಬ್ಯಾಟರಿಯ ವೋಲ್ಟೇಜಿಗೆ ಸಮವಾಗಿ ತರುತ್ತದೆ. ವ್ಯತ್ಯಾಸ ತೀರ ಕಡಿಮೆಯಾದ ಮೇಲೆ ಕಾರು ತನ್ನ ಕಾಂಟ್ಯಾಕ್ಟರುಗಳನ್ನು ಮುಚ್ಚುತ್ತದೆ. ಈ ಹೊಂದಾಣಿಕೆ ಇಲ್ಲದೆ ಮುಚ್ಚಿದರೆ ಒಮ್ಮೆಲೇ ನುಗ್ಗುವ ಕರೆಂಟಿಗೆ ಅವುಗಳ ಲೋಹದ ತುದಿಗಳು ಬೆಸೆದುಹೋಗಬಹುದು. ಆಮೇಲೆ ಕಾರು ತನಗೆ ಬೇಕಾದ ಕರೆಂಟನ್ನು ಸೆಕೆಂಡಿಗೆ ಹಲವು ಸಲ ಕೇಳುತ್ತಾ ಹೋಗುತ್ತದೆ. ಬ್ಯಾಟರಿ ಶೇ. 80 ದಾಟಿದ ಮೇಲೆ ವೇಗ ಕುಸಿಯುವುದು ಕಾರೇ ಕಡಿಮೆ ಕೇಳುವುದರಿಂದ.

ಪೈಲಟ್‌ಗೆ ಕಾಣದ ಭಾಗ

ಇಷ್ಟೆಲ್ಲ ಎಚ್ಚರ ವಾಲ್‌ಬಾಕ್ಸಿನಿಂದ ಕಾರಿನವರೆಗೆ ಮಾತ್ರ. ಅದರ ಹಿಂದಿರುವ ಮನೆಯ ವೈರಿಂಗ್, ಸ್ವಿಚ್ಚು, ಸಾಕೆಟ್ ಇವು ಯಾವುವೂ ಪೈಲಟ್‌ಗೆ ಕಾಣುವುದಿಲ್ಲ. ಕಾರಿನ ಜೊತೆ ಬರುವ, ಮಧ್ಯದಲ್ಲಿ ಪುಟ್ಟ ಪೆಟ್ಟಿಗೆಯಿರುವ ಪೋರ್ಟಬಲ್ ಕೇಬಲ್ಲನ್ನು 16 ಆಂಪಿಯರಿನ ಮನೆ ಸಾಕೆಟ್ಟಿಗೆ ಹಾಕಿದಾಗ ಅದು ಸಾಕೆಟ್ ಗಟ್ಟಿಯಾಗಿದೆ ಎಂದು ನಂಬಿಕೊಂಡೇ 15 ಆಂಪಿಯರ್ ಬಿಡುತ್ತದೆ.

ಹಳೆಯ ಸಾಕೆಟ್ಟಿನ ಹಿಡಿತ ಸಡಿಲವಾಗಿ, ಪಿನ್ನು ಕೂಡುವಲ್ಲಿ 0.1 ಓಮ್ ರೋಧ ಉಂಟಾಗಿದೆ ಎನ್ನೋಣ. 15 ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ 22.5 ವ್ಯಾಟ್ ಶಾಖ ಹುಟ್ಟುತ್ತದೆ. ಗೀಸರಿನಂತೆ ಅರ್ಧ ಗಂಟೆಗೆ ಆರಿಹೋಗದೆ ರಾತ್ರಿಯಿಡೀ ಹರಿಯುವುದರಿಂದ ಸಾಕೆಟ್ಟಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಕ್ರಮೇಣ ಕರಗುತ್ತದೆ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದನ್ನು 10 ಆಂಪಿಯರಿಗೆ ಇಳಿಸಿದರೆ ಅದೇ ಬಿಂದುವಿನ ಶಾಖ 10 ವ್ಯಾಟಿಗೆ ಬೀಳುತ್ತದೆ. ಸಿಸಿಎಸ್ ಪ್ಲಗ್ಗಿನ ಡಿಸಿ ಪಿನ್ನುಗಳ ಬಳಿ ಉಷ್ಣತೆ ಅಳೆಯುವ ಸಾಧನವಿದ್ದು, ಬಿಸಿ ಏರಿದರೆ ಯಂತ್ರ ತಾನಾಗಿ ಕರೆಂಟ್ ತಗ್ಗಿಸುತ್ತದೆ. ಮನೆಯ ಸಾಕೆಟ್ಟಿನಲ್ಲಿ ಅಂಥದ್ದಿಲ್ಲ. ಕೆಲವು ಪೋರ್ಟಬಲ್ ಕೇಬಲ್ಲುಗಳ ಮನೆ ಪ್ಲಗ್ಗಿನೊಳಗೆ ಮಾತ್ರ ಇರುತ್ತದೆ.

ಇನ್ನೊಂದು ದೋಷ ಅರ್ಥಿಂಗಿನದು. ಪೈಲಟ್ ಪರೀಕ್ಷಿಸುವುದು ಪೆಟ್ಟಿಗೆಗೂ ಕಾರಿಗೂ ನಡುವಿನ ಅರ್ಥಿಂಗ್ ತಂತಿಯನ್ನಷ್ಟೇ. ಮನೆಯ ಅರ್ಥಿಂಗ್ ಗುಂಡಿ ಒಣಗಿ ಕೆಲಸ ಬಿಟ್ಟಿದೆಯೇ ಎಂದು ಪೆಟ್ಟಿಗೆ ಬೇರೆಯಾಗಿ ನೋಡಬೇಕು. ಹೀಗೆ ನೋಡುವ ಪೆಟ್ಟಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಕಾಂಟ್ಯಾಕ್ಟರ್ ಮುಚ್ಚಲು ನಿರಾಕರಿಸುತ್ತದೆ. ಪ್ಲಗ್ ಲಾಕ್ ಆದರೂ ಟಕ್ ಎಂಬ ಸದ್ದು ಬರದಿದ್ದರೆ ಕಾರಿನ ಟೈಮರ್ ಸೆಟ್ಟಿಂಗನ್ನೂ ಮನೆಯ ಅರ್ಥಿಂಗನ್ನೂ ಮೊದಲು ನೋಡಬೇಕು. ಅರ್ಥಿಂಗ್ ಪಿನ್ನಿಗೆ ನ್ಯೂಟ್ರಲ್ ತಂತಿಯನ್ನು ಜೋಡಿಸಿ ಕೆಂಪು ದೀಪವನ್ನು ಆರಿಸುವ ಪದ್ಧತಿ ಕೆಲವೆಡೆ ಇದೆ. ಮುಂದೆ ಎಂದಾದರೂ ನ್ಯೂಟ್ರಲ್ ಕಡಿದರೆ ಕಾರಿನ ಇಡೀ ಲೋಹದ ಮೈಗೆ 230 ವೋಲ್ಟ್ ಬರುವ ದಾರಿ ಅದು. ಎಂದಿಗೂ ಮಾಡಬಾರದ ಕೆಲಸ.

ಆದ್ದರಿಂದ 32 ಆಂಪಿಯರಿನ ವಾಲ್‌ಬಾಕ್ಸಿಗೆ ಮೀಟರ್ ಬೋರ್ಡಿನಿಂದ ಅದಕ್ಕೆಂದೇ ಪ್ರತ್ಯೇಕ ತಂತಿ ಎಳೆಯುತ್ತಾರೆ. ಸಾಮಾನ್ಯವಾಗಿ 6 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೆ ತಕ್ಕ ಎಂಸಿಬಿ, ಸೋರಿಕೆ ಹಿಡಿಯುವ ಆರ್‌ಸಿಸಿಬಿ, ಅಳೆದು ನೋಡಿದ ಅರ್ಥಿಂಗ್ ಇವಿಷ್ಟು ಇರಬೇಕು. ಪೋರ್ಟಬಲ್ ಕೇಬಲ್ಲನ್ನೇ ಬಳಸುವವರು ಚಾರ್ಜಿಂಗ್ ಶುರುವಾಗಿ ಒಂದು ಗಂಟೆಯ ನಂತರ ಪ್ಲಗ್ಗಿನ ಹೊರಮೈಯನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಅಡ್ಡಿಯಿಲ್ಲ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ, ಸುಟ್ಟ ವಾಸನೆ ಬಂದರೆ ಅಥವಾ ಪಿನ್ನಿನ ಸುತ್ತ ಕಂದು ಕಲೆ ಕಂಡರೆ ಮೊದಲು ಕಾರಿನ ಪರದೆಯಲ್ಲಿ ಚಾರ್ಜಿಂಗ್ ನಿಲ್ಲಿಸಿ, ಎಂಸಿಬಿ ಇಳಿಸಿ, ಬಳಿಕ ಪ್ಲಗ್ ತೆಗೆಯಬೇಕು. ಆ ಸಾಕೆಟ್ ಬದಲಾಗುವವರೆಗೆ ಅದರಲ್ಲಿ ಮತ್ತೆ ಚಾರ್ಜ್ ಮಾಡಬಾರದು.